ಘನದೊಳಗೊಂದು ಎ4 ಹಾಳೆ

12 ಅಡಿ ಉದ್ದ, 9 ಅಡಿ ಅಗಲ, 8 ಅಡಿ ಎತ್ತರದ ಒಂದು ಕೋಣೆ ಇದೆ ಎನ್ನಿ. ಬಗ್ಗಿಸದೆ, ಕತ್ತರಿಸದೆ ಅದರೊಳಗೆ ಇಡಬಹುದಾದ ಅತಿ ಉದ್ದದ ಸಲಾಕೆ ಎಷ್ಟಿದ್ದೀತು? ಗೋಡೆಗುಂಟ ಮಲಗಿಸಿದರೆ 12 ಅಡಿಯ ಸಲಾಕೆ ಹಿಡಿಯುತ್ತದೆ. ನೆಲದ ಮೇಲೆಯೇ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಇಟ್ಟರೆ ಇನ್ನಷ್ಟು ಉದ್ದದ್ದು ಹಿಡಿಯುತ್ತದೆ. ಒಂದು ತುದಿಯನ್ನು ನೆಲದ ಮೂಲೆಯಲ್ಲಿ ಊರಿ, ಇನ್ನೊಂದನ್ನು ಎದುರು ಮೂಲೆಯ ಚಾವಣಿಗೆ ತಾಗುವಂತೆ ಎತ್ತಿದರೆ ಅದಕ್ಕೂ ಉದ್ದದ್ದು. ಕೋಣೆಯಲ್ಲಿ ಅದಕ್ಕಿಂತ ಉದ್ದವಾದ ನೇರ ದಾರಿ ಇನ್ನೊಂದಿಲ್ಲ. ನೆಲ, ಗೋಡೆಗಳ ಮೇಲೆ ಮೂಲೆಯಿಂದ ಮೂಲೆಗೆ ಓಡುವ ಗೆರೆಯನ್ನು ಮುಖಕರ್ಣ ಎಂದೂ ಕೋಣೆಯ ಗಾಳಿಯನ್ನು ಸೀಳಿಕೊಂಡು ಹೋಗುವ ಈ ಗೆರೆಯನ್ನು ಒಳಕರ್ಣ ಎಂದೂ ಕರೆಯೋಣ.

ಒಳಕರ್ಣದ ಉದ್ದ ಕಂಡುಹಿಡಿಯಲು ಹೊಸ ಗಣಿತವೇನೂ ಬೇಡ. ಹೈಸ್ಕೂಲಿನಲ್ಲಿ ಪೈಥಾಗೊರಸ್ ಪ್ರಮೇಯ ಎಂದು ಕಲಿಯುವುದನ್ನೇ ಎರಡು ಸಲ ಬಳಸಿದರೆ ಸಾಕು. ಯಜ್ಞವೇದಿಗಳನ್ನು ಅಳತೆ ಮಾಡಿ ಕಟ್ಟುವ ವಿಧಾನ ಹೇಳುವ ಬೌಧಾಯನ ಶುಲ್ಬಸೂತ್ರ ಈ ಮಾತನ್ನು ಆಯತದ ಕರ್ಣದ ಮಾತಾಗಿಯೇ ಹೇಳುತ್ತದೆ. ಆಯತದ ಉದ್ದದ ಮೇಲೆ ಒಂದು ಚೌಕ, ಅಗಲದ ಮೇಲೆ ಒಂದು ಚೌಕ ಕಟ್ಟಿದರೆ, ಆ ಎರಡರ ವಿಸ್ತೀರ್ಣ ಕೂಡಿದಷ್ಟು ಕರ್ಣದ ಮೇಲಿನ ಚೌಕದಲ್ಲಿ ಇರುತ್ತದೆ. ನಮ್ಮ ಕೋಣೆಯ ನೆಲ ಒಂದು ಆಯತ. 12ರ ವರ್ಗ 144, 9ರ ವರ್ಗ 81, ಕೂಡಿದರೆ 225. ಅದರ ವರ್ಗಮೂಲ 15. ಅಂದರೆ ನೆಲದ ಮುಖಕರ್ಣ 15 ಅಡಿ.

ಎರಡನೆಯ ಸಲ ಬಳಸುವಾಗ ಕಣ್ಣನ್ನು ಸ್ವಲ್ಪ ತಿರುಗಿಸಬೇಕು. ನೆಲದ ಈ 15 ಅಡಿಯ ಗೆರೆ, ಅದರ ತುದಿಯಿಂದ ಮೂಲೆಗುಂಟ ಮೇಲೇಳುವ 8 ಅಡಿಯ ಗೋಡೆಯ ಅಂಚು, ಮತ್ತು ನಾವು ಹುಡುಕುತ್ತಿರುವ ಒಳಕರ್ಣ, ಈ ಮೂರೂ ಸೇರಿ ಒಂದು ತ್ರಿಭುಜವಾಗುತ್ತದೆ. ಗೋಡೆಯ ಅಂಚು ನೆಲಕ್ಕೆ ನೆಟ್ಟಗೆ ನಿಂತಿರುವುದರಿಂದ ನೆಲದ ಮೇಲಿನ ಯಾವ ಗೆರೆಗಾದರೂ ಅದು ಲಂಬವೇ. ಆದ್ದರಿಂದ ಇದೂ ಲಂಬಕೋನ ತ್ರಿಭುಜ. 225ಕ್ಕೆ 8ರ ವರ್ಗವಾದ 64 ಕೂಡಿದರೆ 289, ವರ್ಗಮೂಲ 17. ಒಳಕರ್ಣ ಸರಿಯಾಗಿ 17 ಅಡಿ. ನಡುವಿನ 15ರ ಹಂಗು ಬಿಟ್ಟು ಒಂದೇ ಸಾಲಿನಲ್ಲಿ ಬರೆದರೆ ಹೀಗಿರುತ್ತದೆ:

ಒಳಕರ್ಣ² = ಉದ್ದ² + ಅಗಲ² + ಎತ್ತರ²

ಮೊದಲು ನೆಲವನ್ನೇ ಹಿಡಿಯಬೇಕೆಂದಿಲ್ಲ. ಗೋಡೆಯ ಮುಖಕರ್ಣದಿಂದ ಶುರುಮಾಡಿದರೂ ಉತ್ತರ ಅದೇ. ಕೊನೆಗೆ ಕೂಡುವುದು ಅದೇ ಮೂರು ವರ್ಗಗಳನ್ನು. ನಡುವೆ ಎಡವುವವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ನೆಲದ ಕರ್ಣ 15 ಎಂದು ಕಂಡುಹಿಡಿದು, ಅದಕ್ಕೆ ಎತ್ತರದ 8ನ್ನು ನೇರವಾಗಿ ಕೂಡಿ 23 ಎಂದುಬಿಡುತ್ತಾರೆ. 23 ಎಂಬುದು ಇರುವೆಯೊಂದು ನೆಲದ ಮೇಲೆ ಓರೆಯಾಗಿ ಹೋಗಿ, ಆಮೇಲೆ ಮೂಲೆಗುಂಟ ಮೇಲೆ ಹತ್ತಿದರೆ ನಡೆಯುವ ದೂರ. ನೇರ ದಾರಿ ಎಂದೂ ಅಷ್ಟಿರಲಾರದು. ಉತ್ತರ ಸರಿಯೇ ಎಂದು ಥಟ್ಟನೆ ನೋಡಿಕೊಳ್ಳಲು ಒಂದು ದಾರಿ ಇದೆ. ಒಳಕರ್ಣ ಮೂರು ಅಳತೆಗಳಲ್ಲಿ ಅತಿ ದೊಡ್ಡದಕ್ಕಿಂತ ಹೆಚ್ಚಿರಬೇಕು, ಆದರೆ ಅದರ 1.73 ಪಟ್ಟನ್ನು ಎಂದೂ ಮೀರಬಾರದು. 12 ಅಡಿಯ ಕೋಣೆಗೆ ಆ ಮೇಲ್ಮಿತಿ 21 ಅಡಿಗಿಂತ ಸ್ವಲ್ಪ ಕಡಿಮೆ. 23 ಅಲ್ಲಿಗೇ ಬಿದ್ದುಹೋಗುತ್ತದೆ.

ಇನ್ನು 17 ಅಡಿ ಎಂಬ ಲೆಕ್ಕ ದಪ್ಪವೇ ಇಲ್ಲದ ಗೆರೆಗೆ ಹೊಂದುವಂಥದ್ದು. ಸಣ್ಣ ತಂತಿಗೆ ಅದು ಸರಿ. ಆದರೆ 4 ಇಂಚಿನ ಪಿವಿಸಿ ಪೈಪನ್ನು ಹಾಗೆ ಓರೆಯಾಗಿ ನಿಲ್ಲಿಸಹೊರಟರೆ, ಪೈಪಿನ ದುಂಡಗಿನ ಬಾಯಿ ಮೂಲೆಯ ಕೊನೆಯ ಬಿಂದುವಿನವರೆಗೆ ಹೋಗುವುದೇ ಇಲ್ಲ. ಅದರ ಅಂಚು ನೆಲಕ್ಕೂ ಎರಡು ಗೋಡೆಗಳಿಗೂ ಮೊದಲೇ ತಾಗಿ ನಿಲ್ಲುತ್ತದೆ. ಎರಡೂ ತುದಿಗಳಲ್ಲಿ ಹೀಗೆ ಕಳೆದುಕೊಳ್ಳುವ ಉದ್ದವನ್ನು ಈ ಕೋಣೆಗೆ ಲೆಕ್ಕ ಹಾಕಿದರೆ ಪೈಪಿನ ವ್ಯಾಸದ ಸುಮಾರು 1.36 ಪಟ್ಟು ಬರುತ್ತದೆ. 4 ಇಂಚಿನ ಪೈಪಿಗೆ ಅದು ಹತ್ತಿರ ಹತ್ತಿರ ಐದೂವರೆ ಇಂಚು. ಹಾಗಾಗಿ ಹದಿನಾರೂವರೆ ಅಡಿಯ ಪೈಪು ಕೋಣೆಯಲ್ಲಿ ಹಿಡಿಯುತ್ತದೆ, 17 ಅಡಿಯದು ಹಿಡಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ 20 ಅಡಿಯ ಉದ್ದದ ಪೈಪಂತೂ ದೂರದ ಮಾತು.

ಒಳಕರ್ಣದಿಂದ ಇನ್ನೊಂದು ಕೆಲಸವಾಗುತ್ತದೆ. ಇದೇ ಅಳತೆಯ ಶೆಡ್ಡಿಗೆ ಕಬ್ಬಿಣದ ಆಂಗಲ್‌ಗಳಿಂದ ಚೌಕಟ್ಟು ನಿಲ್ಲಿಸಿದ್ದಾರೆ ಎನ್ನಿ. ಎದುರುಬದುರಿನ ಪಟ್ಟಿಗಳೆಲ್ಲ ಸಮ ಉದ್ದದವು. ಆದರೂ ಇಡೀ ಚೌಕಟ್ಟು ಒಂದು ಕಡೆಗೆ ವಾಲಿರಬಹುದು. ಮೂಲೆಮಟ್ಟ, ತೂಗುಗುಂಡು ಹಿಡಿದು ಒಂದೊಂದೇ ಮೂಲೆ ನೋಡುವ ಬದಲು ನಾಲ್ಕೂ ಒಳಕರ್ಣಗಳನ್ನು ಟೇಪಿನಲ್ಲಿ ಅಳೆಯಬಹುದು. ನಾಲ್ಕೂ ಸಮ ಬಂದರೆ ಎಲ್ಲ ಮೂಲೆಗಳೂ ಲಂಬಕೋನದಲ್ಲೇ ಇವೆ ಎಂದು ನಂಬಬಹುದು. ಬೇರೆ ಯಾವ ರೀತಿಯಲ್ಲೂ ನಾಲ್ಕೂ ಸಮ ಆಗಲಾರವು. ಮೇಲಿನ ಭಾಗ ಉದ್ದದ ದಿಕ್ಕಿಗೆ ಒಂದು ಇಂಚು ಸರಿದಿದ್ದರೆ, ಎರಡು ಒಳಕರ್ಣಗಳು ತಲಾ 0.7 ಇಂಚು ಉದ್ದವಾಗುತ್ತವೆ, ಉಳಿದೆರಡು ಅಷ್ಟೇ ಗಿಡ್ಡವಾಗುತ್ತವೆ. ಒಂದು ಇಂಚಿನ ವಾಲು ಟೇಪಿನ ಮೇಲೆ 1.4 ಇಂಚಿನ ವ್ಯತ್ಯಾಸವಾಗಿ ಕಾಣುತ್ತದೆ. ತಪ್ಪು ತಾನಿರುವುದಕ್ಕಿಂತ ದೊಡ್ಡದಾಗಿ ಕಾಣಿಸಿಕೊಳ್ಳುವ ಅಳತೆ ಕಟ್ಟುವವರಿಗೆ ಬಹಳ ಬೇಕಾದದ್ದು. ಅಳೆಯಲು ಮಾತ್ರ ನೂಲಿನ ಹುರಿ ಬೇಡ. ಎಳೆದ ಬಲಕ್ಕೆ ತಕ್ಕಂತೆ ಅದು ಹಿಗ್ಗುತ್ತದೆ.

ಇಷ್ಟು ಉದ್ದದ ಮಾತಾಯಿತು. ಈಗ ಕೋನದ ಮಾತಿಗೆ ಬರೋಣ. ನಿಜವಾದ ಅಚ್ಚರಿ ಇರುವುದು ಅಲ್ಲಿ.

ಕೋಣೆಯ ಬದಲು ಎಲ್ಲ ಅಂಚುಗಳೂ ಸಮವಾಗಿರುವ ಘನವನ್ನು ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ಒಳಕರ್ಣಗಳಿವೆ. ನಾಲ್ಕೂ ಘನದ ನಟ್ಟನಡುವೆ ಒಂದನ್ನೊಂದು ಹಾಯುತ್ತವೆ. ಎರಡು ಒಳಕರ್ಣಗಳು ಹಾಯುವ ಕಡೆ ಎಷ್ಟು ಡಿಗ್ರಿಯ ಕೋನ ಇರುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಬಹುಪಾಲು ಜನ 90 ಎನ್ನುತ್ತಾರೆ. ಚೌಕದ ಎರಡು ಕರ್ಣಗಳು ಲಂಬವಾಗಿ ಹಾಯುತ್ತವೆ, ಘನ ಚೌಕಗಳಿಂದಲೇ ಆದದ್ದು, ಹಾಗಾಗಿ ಅಲ್ಲೂ ಅದೇ ಇರಬೇಕು ಎಂಬ ಊಹೆ ಅದು. ಈ ಊಹೆಗೆ ಕಣ್ಣೂ ಸಾಕ್ಷಿ ಹೇಳುತ್ತದೆ. ಗಾಜಿನ ಘನವೊಂದನ್ನು ನೇರ ಮುಂದಿನಿಂದ ನೋಡಿದರೆ ಅದರ ನಾಲ್ಕು ಒಳಕರ್ಣಗಳು ಎರಡೆರಡಾಗಿ ಒಂದರ ಹಿಂದೊಂದು ಮರೆಯಾಗಿ, ಮುಂಬದಿಯ ಚೌಕದ ಎರಡು ಕರ್ಣಗಳಂತೆ, ನೆಟ್ಟಗಿನ ಗುಣಾಕಾರ ಚಿಹ್ನೆಯಾಗಿ ಕಾಣುತ್ತವೆ. ಪುಸ್ತಕದಲ್ಲಿ ಬಿಡಿಸಿದ ಘನದ ಮೇಲೆ ಕೋನಮಾಪಕ ಇಟ್ಟರೂ ಇದೇ ಮೋಸ. ಚಿತ್ರವನ್ನು ಯಾವ ಕಡೆಯಿಂದ ಬಿಡಿಸಿದ್ದಾರೋ ಅದಕ್ಕೆ ತಕ್ಕ ಕೋನ ಬರುತ್ತದೆಯೇ ಹೊರತು ಘನದೊಳಗಿನ ಕೋನ ಬರುವುದಿಲ್ಲ.

90 ಸಾಧ್ಯವೇ ಇಲ್ಲ ಎಂದು ತೋರಿಸಲು ಲೆಕ್ಕ ಕೂಡ ಬೇಡ. ಕೋಣೆಯ ಮೂಲೆಯಲ್ಲಿ ಮೂರು ಗೆರೆಗಳು ಸೇರುತ್ತವೆ. ನೆಲದ ಎರಡು ಅಂಚು, ಮೇಲೇಳುವ ಒಂದು ಅಂಚು. ಮೂರೂ ಒಂದಕ್ಕೊಂದು ಲಂಬ. ಆ ಮೂರಕ್ಕೂ ಲಂಬವಾಗಿರುವ ನಾಲ್ಕನೆಯ ಗೆರೆಯನ್ನು ಎಳೆಯಲು ನಾವಿರುವ ಈ ಮೂರು ಆಯಾಮಗಳ ಜಗತ್ತಿನಲ್ಲಿ ಜಾಗವೇ ಇಲ್ಲ. ಘನದಲ್ಲಾದರೆ ನಾಲ್ಕು ಒಳಕರ್ಣಗಳಿವೆ, ಮತ್ತು ಘನವನ್ನು ಹೇಗೆ ಹೊರಳಿಸಿದರೂ ಅವುಗಳಲ್ಲಿ ಯಾವ ಜೋಡಿಗೂ ಮೇಲುಕೀಳು ಇಲ್ಲ. ಯಾವ ಎರಡನ್ನು ಆರಿಸಿಕೊಂಡರೂ ಕೋನ ಒಂದೇ ಇರಬೇಕು. ಅದು 90 ಆಗಿದ್ದರೆ ಒಂದಕ್ಕೊಂದು ಲಂಬವಾದ ನಾಲ್ಕು ಗೆರೆಗಳು ಸಿಕ್ಕಂತಾಗುತ್ತಿತ್ತು. ಆದ್ದರಿಂದ 90 ಅಲ್ಲ.

ಹಾಗಾದರೆ ಎಷ್ಟು? ಉತ್ತರ ನಿಮ್ಮ ಮನೆಯಲ್ಲೇ ಇದೆ. ಪ್ರಿಂಟರಿಗೆ ಹಾಕುವ ಒಂದು ಎ4 ಹಾಳೆ ತೆಗೆದುಕೊಳ್ಳಿ.

ಪ್ರತಿ ಅಂಚೂ 21 ಸೆಂಟಿಮೀಟರ್ ಇರುವ ಒಂದು ಘನಾಕಾರದ ರಟ್ಟಿನ ಡಬ್ಬಿಯನ್ನು ಕಲ್ಪಿಸಿಕೊಳ್ಳಿ. ಅದರ ತಳದ ಮುಂದಿನ ಅಂಚು ಮತ್ತು ಮೇಲ್ಭಾಗದ ಹಿಂದಿನ ಅಂಚು, ಇವೆರಡೂ ಒಂದಕ್ಕೊಂದು ಸಮಾಂತರವಾಗಿವೆ. ಒಂದರಿಂದ ಇನ್ನೊಂದಕ್ಕೆ ಓರೆಯಾಗಿ ಒಂದು ಹಾಳೆ ಹರಡಿದರೆ ಅದು ಡಬ್ಬಿಯನ್ನು ಎರಡು ಸಮ ಪಾಲು ಮಾಡುತ್ತದೆ. ಆ ಹಾಳೆಯ ಅಳತೆ ಏನು? ಒಂದು ಬದಿ ಡಬ್ಬಿಯ ಅಂಚೇ ಆದ್ದರಿಂದ 21 ಸೆಂಟಿಮೀಟರ್. ಇನ್ನೊಂದು ಬದಿ ಡಬ್ಬಿಯ ಪಕ್ಕದ ಚೌಕದ ಮುಖಕರ್ಣ. 21ರ ವರ್ಗವನ್ನು ಎರಡು ಸಲ ಕೂಡಿ ವರ್ಗಮೂಲ ತೆಗೆದರೆ 29.7 ಬರುತ್ತದೆ. 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದ. ಎ4 ಹಾಳೆಯ ಅಳತೆ ಇದೇ.

ಇದು ಕಾಕತಾಳೀಯವಲ್ಲ. ಎ4 ಹಾಳೆಯ ಅಗಲಕ್ಕೂ ಉದ್ದಕ್ಕೂ ಇರುವ ಅನುಪಾತ ಚೌಕದ ಬದಿಗೂ ಕರ್ಣಕ್ಕೂ ಇರುವ ಅನುಪಾತವೇ, ಅಂದರೆ 1ಕ್ಕೆ 2ರ ವರ್ಗಮೂಲ. ಈ ಆಕಾರದ ಹಾಳೆಯನ್ನು ನಡುವೆ ಮಡಿಚಿದರೆ ಸಿಗುವ ಅರ್ಧ ಹಾಳೆಗೂ ಅದೇ ಅನುಪಾತ ಇರುತ್ತದೆ. ಜರ್ಮನಿಯ ಭೌತವಿಜ್ಞಾನಿ ಲಿಶ್ಟೆನ್‌ಬರ್ಗ್ 1786ರಲ್ಲಿ ಬರೆದ ಕಾಗದವೊಂದರಲ್ಲಿ ಈ ಗುಣವನ್ನು ಎತ್ತಿ ಹೇಳಿದ್ದ. 1922ರಲ್ಲಿ ಜರ್ಮನಿ ಅದನ್ನೇ ಕಾಗದದ ಅಧಿಕೃತ ಅಳತೆಯ ತಳಹದಿ ಮಾಡಿಕೊಂಡಿತು. ಹಾಗೆ ಎ3ನ್ನು ಮಡಿಚಿದರೆ ಎ4, ಎ4ನ್ನು ಮಡಿಚಿದರೆ ಎ5 ಆಗುವ ಹಾಳೆಗಳು ನಮ್ಮ ಜೆರಾಕ್ಸ್ ಅಂಗಡಿಗಳವರೆಗೂ ಬಂದವು. ಘನವನ್ನು ಓರೆಯಾಗಿ ಸೀಳಿದಾಗ ಸಿಗುವ ಆಯತದ ಆಕಾರವೂ ಅದೇ.

ನಮಗೆ ಬೇಕಾದದ್ದು ಇಲ್ಲಿದೆ. ಆ ಓರೆ ಹಾಳೆಯ ನಾಲ್ಕು ಮೂಲೆಗಳೂ ಡಬ್ಬಿಯ ಮೂಲೆಗಳು. ಹಾಳೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆ ಡಬ್ಬಿಯ ಒಳಕರ್ಣವೇ. ಹಾಳೆಗೆ ಎರಡು ಕರ್ಣ, ಅವು ಡಬ್ಬಿಯ ಎರಡು ಒಳಕರ್ಣಗಳು. ನಾಲ್ಕು ಒಳಕರ್ಣಗಳಲ್ಲಿ ಯಾವ ಎರಡನ್ನು ಆರಿಸಿದರೂ ಅವನ್ನು ಹೊತ್ತ ಇಂಥದೊಂದು ಹಾಳೆ ಇದ್ದೇ ಇರುತ್ತದೆ. ಜೋಡಿಗಳು ಒಟ್ಟು ಆರು, ಹಾಳೆಗಳೂ ಆರು. ಅಂದಮೇಲೆ ಘನದೊಳಗೆ ಕೈಹಾಕಿ ಅಳೆಯುವ ಕಷ್ಟವೇ ಇಲ್ಲ. ಎ4 ಹಾಳೆಯ ಮೇಲೆ ಸ್ಕೇಲು ಹಿಡಿದು ಎರಡೂ ಕರ್ಣಗಳನ್ನು ಎಳೆಯಿರಿ. ಒಂದೊಂದರ ಉದ್ದ 36.4 ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. 21ನ್ನು 3ರ ವರ್ಗಮೂಲವಾದ 1.732ರಿಂದ ಗುಣಿಸಿದರೂ ಅದೇ ಬರುತ್ತದೆ, ಏಕೆಂದರೆ ಘನದಲ್ಲಿ ಮೂರು ಸಮ ವರ್ಗಗಳನ್ನು ಕೂಡುತ್ತೇವೆ. ಗೆರೆಗಳು ಹಾಯುವ ಕಡೆ ಕೋನಮಾಪಕ ಇಡಿ. ಹಾಳೆಯ ಗಿಡ್ಡ ಬದಿಯ ಕಡೆಗೆ ತೆರೆದ ಕೋನ 70 ಮತ್ತು 71ರ ನಡುವೆ ನಿಲ್ಲುತ್ತದೆ. ಉದ್ದ ಬದಿಯ ಕಡೆಗೆ ತೆರೆದದ್ದು 109 ಮತ್ತು 110ರ ನಡುವೆ. ಎರಡೂ ಕೂಡಿ 180.

ಕರಾರುವಾಕ್ಕಾದ ಬೆಲೆ ಬೇಕಿದ್ದರೆ ಕೋನಮಾಪಕ ಬಿಟ್ಟು ಮೂಲೆಪಟ್ಟಿ ಹಿಡಿಯಬೇಕು. ಹಾಳೆಯ ಒಂದು ಮೂಲೆಯಿಂದ, ಆ ಮೂಲೆಯನ್ನು ಮುಟ್ಟದ ಕರ್ಣದ ಮೇಲೆ ಒಂದು ಲಂಬ ಎಳೆಯಿರಿ. ಅದು ಕರ್ಣವನ್ನು ಎಲ್ಲಿ ಮುಟ್ಟಿತು ಎಂದು ಅಳೆದು ನೋಡಿ. ಹತ್ತಿರದ ತುದಿಯಿಂದ 12.1 ಸೆಂಟಿಮೀಟರ್. ಇಡೀ ಕರ್ಣ 36.4 ಇತ್ತು, ಅದರ ಮೂರನೇ ಒಂದು ಪಾಲು ಇದು! ಕರ್ಣಗಳು ಹಾಯುವ ಮಧ್ಯಬಿಂದು 18.2ರಲ್ಲಿದೆ. ಅಲ್ಲಿಂದ ಲಂಬದ ಬುಡಕ್ಕೆ 6.1 ಸೆಂಟಿಮೀಟರ್. ಈಗ ಮಧ್ಯಬಿಂದು, ಲಂಬದ ಬುಡ, ಹಾಳೆಯ ಮೂಲೆ, ಈ ಮೂರು ಸೇರಿ ಒಂದು ಲಂಬಕೋನ ತ್ರಿಭುಜವಾಯಿತು. ಅದರ ವಿಕರ್ಣ 18.2, ಕೋನಕ್ಕೆ ಅಂಟಿದ ಬದಿ 6.1. ಎರಡರ ಅನುಪಾತ ಮೂರಕ್ಕೆ ಒಂದು. ಹೈಸ್ಕೂಲಿನ ತ್ರಿಕೋನಮಿತಿಯಲ್ಲಿ ಇದನ್ನೇ ಕೊಸೈನ್ ಎನ್ನುತ್ತಾರೆ. ಕೊಸೈನ್ ಮೂರನೇ ಒಂದು ಆಗಿರುವ ಕೋನ 70.53 ಡಿಗ್ರಿ, ಇನ್ನೂ ಬಿಡಿಸಿ ಹೇಳಿದರೆ 70 ಡಿಗ್ರಿ 32 ಮಿನಿಟು. ಡಿಗ್ರಿಯಲ್ಲಿ ಈ ಸಂಖ್ಯೆ ಎಷ್ಟು ಒಡ್ಡೊಡ್ಡಾಗಿ ಕಂಡರೂ ಅದರ ಹಿಂದೆ ಇರುವುದು ಮೂರನೇ ಒಂದು ಎಂಬ ಅಚ್ಚುಕಟ್ಟಾದ ಭಿನ್ನರಾಶಿ.

ದ್ವಿತೀಯ ಪಿಯುಸಿಯ ವಿದ್ಯಾರ್ಥಿಗಳು ಇದನ್ನೇ ಸದಿಶಗಳಿಂದ ಎರಡು ಸಾಲಿನಲ್ಲಿ ಮಾಡುತ್ತಾರೆ. ಒಂದು ಒಳಕರ್ಣದ ದಿಕ್ಕು (1, 1, 1), ಇನ್ನೊಂದರದು (1, 1, −1). ಅದಿಶ ಗುಣಲಬ್ಧ 1 + 1 − 1 = 1, ಉದ್ದಗಳ ಗುಣಲಬ್ಧ 3, ಕೊಸೈನ್ 1/3. ಎರಡನೆಯ ದಿಕ್ಕನ್ನು (−1, −1, 1) ಎಂದು ತೆಗೆದುಕೊಂಡವರಿಗೆ −1/3 ಬಂದು, ಕೋನ 109.47 ಡಿಗ್ರಿ ಎಂದಾಗುತ್ತದೆ. ಇಬ್ಬರೂ ಹೇಳುತ್ತಿರುವುದು ಅವೇ ಎರಡು ಗೆರೆಗಳ ಬಗ್ಗೆ. ಎರಡು ಗೆರೆಗಳ ನಡುವಿನ ಕೋನ ಎಂದಾಗ ಚಿಕ್ಕದನ್ನು ಹೇಳುವುದು ರೂಢಿ, ಹಾಗಾಗಿ ಪರೀಕ್ಷೆಯಲ್ಲಿ 70.53 ಸರಿ. ನಡುಬಿಂದುವಿನಿಂದ ಹೊರಡುವ ಎರಡು ಕಡ್ಡಿಗಳ ನಡುವಿನ ಕೋನ ಎಂದು ಕೇಳಿದರೆ ಕಡ್ಡಿಗಳು ಯಾವ ಮೂಲೆಗಳ ಕಡೆಗೆ ಹೋಗುತ್ತವೆ ಎಂದು ನೋಡಿಯೇ ಹೇಳಬೇಕು. ಅಕ್ಕಪಕ್ಕದ ಮೂಲೆಗಳಾದರೆ 70.53, ಒಂದೇ ಮುಖದ ಎದುರುಬದುರು ಮೂಲೆಗಳಾದರೆ 109.47.

ಎಲ್ಲ ಬದಿ ಸಮವಿಲ್ಲದ ಪೆಟ್ಟಿಗೆಯಲ್ಲಿ ಒಳಕರ್ಣಗಳು ಎಂದೂ ಲಂಬವಾಗಿ ಹಾಯುವುದಿಲ್ಲವೇ? ಹಾಯಬಹುದು. ಆಯತದ ಕರ್ಣಗಳು ಲಂಬವಾಗುವುದು ಆ ಆಯತ ಚೌಕವಾದಾಗ ಮಾತ್ರ, ಹಾಗಾಗಿ ಪೆಟ್ಟಿಗೆಯನ್ನು ಸೀಳಿದ ಓರೆ ಹಾಳೆ ಚೌಕವಾಗಿದೆಯೇ ಎಂಬುದೊಂದನ್ನೇ ನೋಡಬೇಕು. ನಮ್ಮ 12-9-8ರ ಕೋಣೆಗೆ ಮರಳಿ ಬನ್ನಿ. ಅದರಲ್ಲಿ ಬೇರೆಬೇರೆ ಆಕಾರದ ಮೂರು ಓರೆ ಹಾಳೆಗಳಿವೆ. ನೆಲದ ಕರ್ಣ 15 ಮತ್ತು ಎತ್ತರ 8 ಇರುವ ಉದ್ದನೆಯ ಹಾಳೆಯಲ್ಲಿ ಒಳಕರ್ಣಗಳು 56 ಡಿಗ್ರಿಯಲ್ಲಿ ಹಾಯುತ್ತವೆ. ಎರಡನೆಯದರಲ್ಲಿ 64 ಡಿಗ್ರಿ. ಮೂರನೆಯದರ ಒಂದು ಬದಿ 12 ಅಡಿಯ ಅಂಚು, ಇನ್ನೊಂದು ಬದಿ 9 ಅಗಲ 8 ಎತ್ತರದ ಗೋಡೆಯ ಕರ್ಣ. ಆ ಕರ್ಣ 145ರ ವರ್ಗಮೂಲ, ಅಂದರೆ 12.04 ಅಡಿ. ಈ ಹಾಳೆ ಹೆಚ್ಚುಕಡಿಮೆ ಚೌಕ. ಹಾಗಾಗಿ ಅದರೊಳಗಿನ ಎರಡು ಒಳಕರ್ಣಗಳು 89.8 ಡಿಗ್ರಿಯಲ್ಲಿ ಹಾಯುತ್ತವೆ, ಲಂಬಕ್ಕೆ ಕೂದಲೆಳೆಯಷ್ಟು ಕಡಿಮೆ. ಪೂರ್ತಿ ಲಂಬ ಬೇಕಿದ್ದರೆ 3, 4, 5ರ ಪೆಟ್ಟಿಗೆ ಮಾಡಬೇಕು. ಅಲ್ಲಿ 3 ಮತ್ತು 4ರ ಮುಖದ ಕರ್ಣ ಸರಿಯಾಗಿ 5, ಹಾಳೆ 5ಕ್ಕೆ 5. ಘನದಲ್ಲಿ ಮಾತ್ರ ಹಾಳೆ ಯಾವಾಗಲೂ 1ಕ್ಕೆ 1.414 ಆದ್ದರಿಂದ ಅದು ಎಂದೂ ಚೌಕವಾಗಲಾರದು.

ಘನದ ಆ ದೊಡ್ಡ ಕೋನ, 109 ಡಿಗ್ರಿ 28 ಮಿನಿಟು, ರಸಾಯನಶಾಸ್ತ್ರ ಓದಿದವರ ಕಿವಿಗೆ ಬಿದ್ದೇ ಇರುತ್ತದೆ. ಅಡುಗೆ ಮನೆಗೆ ಬರುವ ಗೋಬರ್ ಗ್ಯಾಸಿನ ಮುಖ್ಯ ಅಂಶವಾದ ಮೀಥೇನಿನಲ್ಲಿ ನಡುವೆ ಒಂದು ಕಾರ್ಬನ್, ಸುತ್ತ ನಾಲ್ಕು ಹೈಡ್ರೋಜನ್. ಅದರ ಯಾವ ಎರಡು ಬಂಧಗಳ ನಡುವೆಯೂ ಇರುವುದು ಇದೇ ಕೋನ. ಘನದ ಕೋನ ಅಣುವಿನೊಳಕ್ಕೆ ಹೇಗೆ ಬಂತು?

ಘನದ ಎಂಟು ಮೂಲೆಗಳಲ್ಲಿ ಒಂದನ್ನು ಬಿಟ್ಟು ಒಂದರಂತೆ ನಾಲ್ಕನ್ನು ಆರಿಸಿ. ತಳದ ಚೌಕದಲ್ಲಿ ಎದುರುಬದುರಿನ ಎರಡು, ಮೇಲಿನ ಚೌಕದಲ್ಲಿ ಉಳಿದ ಕರ್ಣದ ಎರಡು. ಈ ನಾಲ್ಕು ಮೂಲೆಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಅವುಗಳ ನಡುವಿನ ದೂರ ಒಂದು ಮುಖಕರ್ಣದಷ್ಟೇ. ಎಲ್ಲವೂ ಒಂದರಿಂದೊಂದು ಸಮ ದೂರ. ಘನದ ನಡುಬಿಂದುವಿನಲ್ಲಿ ಕಾರ್ಬನ್ ಕೂರಿಸಿ, ಈ ನಾಲ್ಕು ಮೂಲೆಗಳಲ್ಲಿ ಹೈಡ್ರೋಜನ್ ಇಟ್ಟರೆ ಮೀಥೇನ್ ಸಿದ್ಧ. ಬಂಧಗಳು ಅರ್ಧ ಒಳಕರ್ಣಗಳು. ಬಂಧಗಳಲ್ಲಿರುವ ಎಲೆಕ್ಟ್ರಾನುಗಳು ಒಂದನ್ನೊಂದು ದೂರ ತಳ್ಳುತ್ತವೆ. ನಾಲ್ಕು ಬಂಧಗಳು ಒಂದೇ ಸಮತಲದಲ್ಲಿ ಹರಡಿಕೊಂಡರೆ ಪಕ್ಕದ ಬಂಧ 90 ಡಿಗ್ರಿಗಿಂತ ದೂರ ಹೋಗಲಾರದು. ಸಮತಲ ಬಿಟ್ಟು ಘನದ ನಾಲ್ಕು ಮೂಲೆಗಳ ಕಡೆಗೆ ತಿರುಗಿದರೆ ಪ್ರತಿಯೊಂದಕ್ಕೂ 109.47 ಡಿಗ್ರಿಯ ಬಿಡುವು ಸಿಗುತ್ತದೆ.

1870ರ ದಶಕದ ಆರಂಭದವರೆಗೂ ರಸಾಯನಶಾಸ್ತ್ರಜ್ಞರು ಕಾರ್ಬನ್ನಿನ ನಾಲ್ಕು ಬಂಧಗಳನ್ನು ಕಾಗದದ ಮೇಲೆ ಕೂಡುಚಿಹ್ನೆಯಂತೆ ಬರೆಯುತ್ತಿದ್ದರು. ಅದು ಬರೆಯುವ ಅನುಕೂಲಕ್ಕೆ ಇದ್ದದ್ದು, ಅಣುವಿನ ಆಕಾರ ಯಾರಿಗೂ ಗೊತ್ತಿರಲಿಲ್ಲ. 1874ರಲ್ಲಿ ನೆದರ್‌ಲ್ಯಾಂಡಿನ 22 ವರ್ಷದ ಯುವಕ ವಾಂಟ್ ಹಾಫ್ ಮತ್ತು ಫ್ರಾನ್ಸಿನ ಲ ಬೆಲ್, ಇಬ್ಬರೂ ಬೇರೆಬೇರೆಯಾಗಿ, ನಾಲ್ಕು ಬಂಧಗಳು ಸಮತಲದಲ್ಲಿಲ್ಲ, ಚತುಷ್ಫಲಕದ ಮೂಲೆಗಳ ಕಡೆಗಿವೆ ಎಂದರು. ಅದನ್ನು ನಂಬಲು ಒಂದು ಸರಳ ಕಾರಣವಿದೆ. ಮೀಥೇನಿನ ಎರಡು ಹೈಡ್ರೋಜನ್‌ಗಳ ಜಾಗದಲ್ಲಿ ಎರಡು ಕ್ಲೋರಿನ್ ಬಂದು ಕೂತಿವೆ ಎನ್ನಿ. ಬಂಧಗಳು ಚೌಕದ ಮೂಲೆಗಳ ಕಡೆಗಿದ್ದರೆ ಎರಡು ಕ್ಲೋರಿನ್ ಅಕ್ಕಪಕ್ಕ ಇರುವ ಒಂದು ವಸ್ತು, ಎದುರುಬದುರು ಇರುವ ಇನ್ನೊಂದು ವಸ್ತು, ಹೀಗೆ ಎರಡು ಬಗೆ ಸಿಗಬೇಕಿತ್ತು. ಪ್ರಯೋಗಶಾಲೆಯಲ್ಲಿ ಸಿಗುವುದು ಒಂದೇ ಬಗೆ. ಘನದ ಆ ನಾಲ್ಕು ಮೂಲೆಗಳಲ್ಲಿ ಯಾವ ಎರಡನ್ನು ಹಿಡಿದರೂ ಒಂದೇ ಎಂದು ಆಗಲೇ ನೋಡಿದೆವಲ್ಲ, ಅಲ್ಲಿ ಎರಡನೆಯ ಬಗೆಗೆ ಅವಕಾಶವೇ ಇಲ್ಲ. ವಾಂಟ್ ಹಾಫ್ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಡೆದ. ಅದು ಈ ಕೆಲಸಕ್ಕಲ್ಲ, ದ್ರಾವಣಗಳ ಮೇಲಿನ ಸಂಶೋಧನೆಗೆ.

ಈ ಜೋಡಣೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ವಜ್ರ. 1913ರಲ್ಲಿ ಬ್ರ್ಯಾಗ್ ತಂದೆ–ಮಗ ಎಕ್ಸ್‌ರೇ ಹಾಯಿಸಿ ವಜ್ರದೊಳಗೆ ಕಾರ್ಬನ್ ಪರಮಾಣುಗಳು ಹೇಗೆ ಕೂತಿವೆ ಎಂದು ಬಿಡಿಸಿದರು. ಪ್ರತಿ ಕಾರ್ಬನ್ ಸುತ್ತ ನಾಲ್ಕು ಕಾರ್ಬನ್, ನಡುವೆ ಅದೇ 109.47 ಡಿಗ್ರಿ. ನಮ್ಮಲ್ಲಿ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಕೂತು ವರ್ಷಗಟ್ಟಲೆ ಬೆನ್ನುಹತ್ತಿದ ಹರಳು ಕೂಡ ಇದೇ.

ವಜ್ರದ ಹರಳಿನಲ್ಲಿ ಮತ್ತೆಮತ್ತೆ ಬರುವ ಮೂಲ ಘನದ ಅಂಚು 3.567 ಆಂಗ್‌ಸ್ಟ್ರಮ್. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಮ್. ಎರಡು ಕಾರ್ಬನ್‌ಗಳ ನಡುವಿನ ದೂರವನ್ನು ಇದರಿಂದ ನಾವೇ ಕಂಡುಹಿಡಿಯಬಹುದು. ಮೂಲ ಘನವನ್ನು ಉದ್ದ, ಅಗಲ, ಎತ್ತರಗಳಲ್ಲಿ ಅರ್ಧಕ್ಕೆ ಸೀಳಿದರೆ ಎಂಟು ಚಿಕ್ಕ ಘನಗಳಾಗುತ್ತವೆ. ಒಂದು ಚಿಕ್ಕ ಘನದ ಅಂಚು 1.7835. ಇವುಗಳಲ್ಲಿ ಒಂದು ಬಿಟ್ಟು ಒಂದರ ನಡುಬಿಂದುವಿನಲ್ಲಿ ಒಂದು ಕಾರ್ಬನ್ ಕೂತಿದೆ, ಅದರ ನಾಲ್ಕು ಜೊತೆಗಾರರು ಆ ಚಿಕ್ಕ ಘನದ ನಾಲ್ಕು ಮೂಲೆಗಳಲ್ಲಿದ್ದಾರೆ. ಚಿಕ್ಕ ಘನದ ಒಳಕರ್ಣ 1.7835 × 1.732, ಅಂದರೆ 3.089. ಬಂಧ ಅದರ ಅರ್ಧ, 1.54 ಆಂಗ್‌ಸ್ಟ್ರಮ್. ಪಠ್ಯಪುಸ್ತಕಗಳಲ್ಲಿ ಕಾರ್ಬನ್–ಕಾರ್ಬನ್ ಒಂಟಿ ಬಂಧದ ಉದ್ದ ಎಂದು ಕೊಟ್ಟಿರುವುದೂ ಇದೇ ಸಂಖ್ಯೆ. ಸಲಾಕೆಗೆ ಹಾಕಿದ ಲೆಕ್ಕಕ್ಕೂ ಇದಕ್ಕೂ ವಿಧಾನದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ.

ಆದರೆ ಈ ಕೋನ ಎಲ್ಲ ಕಡೆಯೂ ಇಷ್ಟು ಶುದ್ಧವಾಗಿ ಸಿಗುವುದಿಲ್ಲ. ನಾಲ್ಕೂ ದಿಕ್ಕುಗಳು ಒಂದೇ ತೂಕದವು ಎಂಬುದರ ಮೇಲೆ 109.47 ನಿಂತಿದೆ. ಅಮೋನಿಯಾದಲ್ಲಿ ನಡುವಿನ ನೈಟ್ರೋಜನ್‌ಗೆ ಮೂರು ಬಂಧಗಳು, ನಾಲ್ಕನೆಯ ದಿಕ್ಕಿನಲ್ಲಿ ಯಾರೊಂದಿಗೂ ಹಂಚಿಕೊಳ್ಳದ ಒಂದು ಜೋಡಿ ಎಲೆಕ್ಟ್ರಾನುಗಳು. ಹಂಚಿಕೊಳ್ಳದ ಜೋಡಿ ಹೆಚ್ಚು ಜಾಗ ಹಿಡಿದು ಬಂಧಗಳನ್ನು ಹತ್ತಿರ ನೂಕುತ್ತದೆ, ಕೋನ ಸುಮಾರು 107ಕ್ಕೆ ಇಳಿಯುತ್ತದೆ. ನೀರಿನಲ್ಲಿ ಅಂಥ ಜೋಡಿಗಳು ಎರಡು, ಕೋನ 104.5. ವಜ್ರದಂತೆಯೇ ಜೋಡಣೆಗೊಂಡ ಸಿಲಿಕಾನಿನಲ್ಲಿ ಮಾತ್ರ ನಾಲ್ಕೂ ದಿಕ್ಕುಗಳು ಸಮ. ಮೊಬೈಲಿನ ಚಿಪ್ಪಿಗೆ ಬಳಸುವ ಸಿಲಿಕಾನ್ ಹರಳಿನ ಮೂಲ ಘನದ ಅಂಚು 5.431 ಆಂಗ್‌ಸ್ಟ್ರಮ್. ಅದರ ಒಳಕರ್ಣವನ್ನು ನಾಲ್ಕರಿಂದ ಭಾಗಿಸಿದರೆ ಎರಡು ಸಿಲಿಕಾನ್‌ಗಳ ನಡುವಿನ ದೂರ 2.35 ಆಂಗ್‌ಸ್ಟ್ರಮ್ ಎಂದು ಬರುತ್ತದೆ, ಮತ್ತು ಅಲ್ಲಿನ ಕೋನ 109 ಡಿಗ್ರಿ 28 ಮಿನಿಟು.